ಏಳು ಎಂದರೆ ಏಳು ದಿನವೋ, ಏಳು ತಿಂಗಳೋ?

ಟ್ಯಾರೋ ಓದುವವರ ಎದುರು ಕೂತವರು ಪ್ರೀತಿಯ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಬಹಳವೇನಿಲ್ಲ. ಅವನಿಗೆ ನನ್ನ ಮೇಲೆ ಮನಸ್ಸಿದೆಯಾ, ಅವಳು ವಾಪಸ್ ಬರ್ತಾಳಾ, ಮನೆಯವರು ಒಪ್ಪುತ್ತಾರಾ ಎನ್ನುವಷ್ಟರಲ್ಲಿ ಎಲ್ಲವೂ ಮುಗಿಯಿತು. ಆದರೆ ಇದರಲ್ಲಿ ಯಾವುದಕ್ಕೆ ಉತ್ತರ ಸಿಕ್ಕರೂ ಮರುಕ್ಷಣವೇ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಯಾವಾಗ?

ಓದುವವರಿಗೆ ಬೆವರಿಳಿಸುವ ಪ್ರಶ್ನೆ ಇದೇ. ಮನಸ್ಸಿದೆ, ಇಲ್ಲ ಎನ್ನುವುದನ್ನು ಯಾರೂ ಅಳೆದು ನೋಡಲಾರರು. ‘ಮೂರು ವಾರದಲ್ಲಿ’ ಎಂದು ಬಾಯಿಬಿಟ್ಟರೆ ಮಾತ್ರ ಮೂರು ವಾರದ ನಂತರ ಆ ಮಾತು ನಿಂತಿತೋ ಬಿತ್ತೋ ಎಂದು ಯಾರು ಬೇಕಾದರೂ ಹೇಳಬಹುದು. ಅದಕ್ಕೇ ಕೆಲವರು ಕಾಲದ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಮುಟ್ಟುವವರು ಯಾವ ಲೆಕ್ಕ ಹಿಡಿಯುತ್ತಾರೆ, ಆ ಲೆಕ್ಕ ಎಲ್ಲಿಂದ ಬಂತು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದುಕೊಂಡರೆ ಕಾರ್ಡ್‌ಗಳನ್ನು ನಂಬುವವರಿಗೂ ನಂಬದವರಿಗೂ ಉಪಯೋಗವಿದೆ.

ಮೊದಲಿಗೇ ಹೇಳಬೇಕಾದ ಮಾತೆಂದರೆ, ಈ ಕಾರ್ಡ್‌ಗಳನ್ನು ಮಾಡಿದವರ ತಲೆಯಲ್ಲಿ ಪಂಚಾಂಗವೂ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಆಡುವ ಎಲೆಗಳಾಗಿ. ಅದರಿಂದ ಭವಿಷ್ಯ ಹೇಳುವ ರೂಢಿ ಗಟ್ಟಿಯಾದದ್ದು 18ನೇ ಶತಮಾನದ ಕೊನೆಯಲ್ಲಿ, ಫ್ರಾನ್ಸಿನಲ್ಲಿ. ಇಂದು ಬಹುಪಾಲು ಓದುಗರ ಕೈಯಲ್ಲಿರುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಬರೆದವರು ಪಮೇಲಾ ಕೋಲ್ಮನ್ ಸ್ಮಿತ್, ಬರೆಸಿದವರು ಎ. ಇ. ವೇಟ್. ಒಟ್ಟು 78 ಕಾರ್ಡ್. ಅದರಲ್ಲಿ 22 ಮೇಜರ್ ಅರ್ಕಾನಾ ಎಂಬ ದೊಡ್ಡ ಕಾರ್ಡ್‌ಗಳು. ಉಳಿದ 56 ನಮ್ಮ ಇಸ್ಪೀಟಿನ ನೆಂಟರೇ: ಆಟಿನ್ ಇದ್ದಲ್ಲಿ ಕಪ್ಸ್, ಇಸ್ಪೀಟ್ ಇದ್ದಲ್ಲಿ ಸ್ವೋರ್ಡ್ಸ್, ಡೈಮಂಡ್ ಇದ್ದಲ್ಲಿ ಪೆಂಟಕಲ್ಸ್, ಕಳಾವರ್ ಇದ್ದಲ್ಲಿ ವಾಂಡ್ಸ್. ಪ್ರತಿಯೊಂದರಲ್ಲೂ ಎಕ್ಕದಿಂದ ಹತ್ತರವರೆಗೆ ಅಂಕಿಯ ಕಾರ್ಡ್‌ಗಳು. ಅವುಗಳ ಮೇಲೆ ಗುಲಾಮ, ರಾಣಿ, ರಾಜ ಎಂಬ ಮೂವರ ಬದಲು ಪೇಜ್, ನೈಟ್, ಕ್ವೀನ್, ಕಿಂಗ್ ಎಂಬ ನಾಲ್ವರು. ಈ ನಾಲ್ವರನ್ನೇ ಕೋರ್ಟ್ ಕಾರ್ಡ್ ಎನ್ನುವುದು.

ಕಾಲ ಹೇಳುವಾಗ ಪಂಗಡ, ಅಂಕಿ, ದರ್ಜೆ ಈ ಮೂರನ್ನೂ ನೋಡುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಇವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಪಂಗಡ ಹೇಳುವುದು ವೇಗವನ್ನು. ಅಂಕಿ ಹೇಳುವುದು ಸಂಬಂಧ ಎಷ್ಟು ದೂರ ಬಂದಿದೆ ಎಂಬುದನ್ನು. ದರ್ಜೆ ಹೇಳುವುದು ಮುಂದಿನ ಹೆಜ್ಜೆ ಯಾರ ಕೈಯಲ್ಲಿದೆ ಎಂಬುದನ್ನು. ಮೂರನ್ನೂ ಕಲಸಿ ಒಂದು ತಾರೀಖು ಹಿಂಡಲು ಹೊರಟಾಗಲೇ ಎಡವಟ್ಟು ಶುರುವಾಗುವುದು.

ವೇಗದ ಮಾತನ್ನು ಮೊದಲು ನೋಡೋಣ. ವಾಂಡ್ಸ್ ಬೆಂಕಿಯ ಪಂಗಡ. ಆಸೆ, ಆತುರ, ಕೂಡಲೇ ಹೊರಟುಬಿಡುವ ಸ್ವಭಾವ. ಅದಕ್ಕೆ ದಿನಗಳ ಲೆಕ್ಕ. ಕಪ್ಸ್ ನೀರು. ಭಾವನೆ ತಿಳಿಯಾಗಲು ಸ್ವಲ್ಪ ಹೊತ್ತು ಬೇಕು, ಆದ್ದರಿಂದ ವಾರಗಳು. ಪೆಂಟಕಲ್ಸ್ ಮಣ್ಣು. ಕೆಲಸ, ದುಡ್ಡು, ಮನೆ, ಬಾಡಿಗೆಯ ಅಡ್ವಾನ್ಸ್, ಕಲ್ಯಾಣ ಮಂಟಪದ ಬುಕಿಂಗ್ ಎಲ್ಲ ಇದರೊಳಗೇ ಬರುವುದರಿಂದ ತಿಂಗಳುಗಳು, ಕೆಲವರಿಗೆ ವರ್ಷಗಳೇ. ಸ್ವೋರ್ಡ್ಸ್ ವಿಷಯದಲ್ಲಿ ಮಾತ್ರ ಓದುಗರಲ್ಲೇ ಜಗಳ. ಅದು ಗಾಳಿ, ಮಾತು, ಮೆಸೇಜು, ಹಾಗಾಗಿ ದಿನಗಳು ಎನ್ನುವವರು ಕೆಲವರು. ಮನಸ್ಸು ಗೊಂದಲದಲ್ಲಿದ್ದಾಗ ಬರುವ ಪಂಗಡ ಅದು, ವಾರಗಳೇ ಸರಿ ಎನ್ನುವವರು ಇನ್ನು ಕೆಲವರು. ವಾಂಡ್ಸ್‌ಗೇ ವಾರ, ಕಪ್ಸ್‌ಗೆ ತಿಂಗಳು ಎನ್ನುವವರೂ ಇದ್ದಾರೆ. ಎಲ್ಲರೂ ಹೆಚ್ಚುಕಡಿಮೆ ಒಪ್ಪುವ ಸಂಗತಿಯೆಂದರೆ ಪೆಂಟಕಲ್ಸ್ ಎಲ್ಲಕ್ಕಿಂತ ನಿಧಾನ, ಕಪ್ಸ್ ನಡುವೆ ಎಲ್ಲೋ ಇರುತ್ತದೆ ಎಂಬುದಷ್ಟೇ.

ಇಲ್ಲಿಯೇ ಒಂದು ವಿಷಯ ಕಾಣುತ್ತದೆ. ಪಂಗಡದಿಂದ ಸಿಗುವುದು ಒಂದು ಅನುಕ್ರಮ. ಬೇಗ, ಸ್ವಲ್ಪ ತಡ, ಬಹಳ ತಡ. ದಿನ, ವಾರ, ತಿಂಗಳು ಎಂಬ ಹೆಸರುಗಳನ್ನು ಆ ಅನುಕ್ರಮಕ್ಕೆ ಓದುವವರು ಅಂಟಿಸಿಕೊಂಡಿದ್ದಾರೆ. ಪ್ರೀತಿಯ ಪ್ರಶ್ನೆಗೆ ಐದು ಕಾರ್ಡ್ ಹಾಕಿದಾಗ ಮೂರು ಪೆಂಟಕಲ್ಸ್ ಬಂದರೆ ‘ಇದು ಬೇಗ ಆಗುವ ಕೆಲಸವಲ್ಲ’ ಎನ್ನುವುದರಲ್ಲಿ ಅರ್ಥವಿದೆ. ಸಮಯದ ಜಾಗದಲ್ಲಿ ಬಿದ್ದ ಒಂದೇ ಕಾರ್ಡನ್ನು ಹಿಡಿದು ತಿಂಗಳು ಎಣಿಸುವುದಕ್ಕಿಂತ ಇಡೀ ಸ್ಪ್ರೆಡ್‌ನಲ್ಲಿ ಯಾವ ಪಂಗಡ ಹೆಚ್ಚಿದೆ ಎಂದು ನೋಡುವುದು ಹೆಚ್ಚು ಪ್ರಾಮಾಣಿಕ ಎಂದು ನನಗನ್ನಿಸುತ್ತದೆ.

ಅಂಕಿಯನ್ನು ಎರಡು ರೀತಿಯಲ್ಲಿ ಓದುತ್ತಾರೆ. ಸರಳವಾದದ್ದು ಗುಣಾಕಾರ. ಥ್ರೀ ಆಫ್ ಕಪ್ಸ್ ಬಂತು, ಮೂರು ವಾರ. ಸಿಕ್ಸ್ ಆಫ್ ಪೆಂಟಕಲ್ಸ್ ಬಂತು, ಆರು ತಿಂಗಳು. ಎರಡನೆಯದರಲ್ಲಿ ಅಂಕಿ ಒಂದು ಹಂತ. ಎಕ್ಕ ಎಂದರೆ ಚಿಗುರು. ಎರಡು, ಮೂರು ಎಂದರೆ ಇಬ್ಬರು ಹತ್ತಿರವಾಗಿ ಸುತ್ತಲಿನವರಿಗೂ ಗೊತ್ತಾಗುವ ಹೊತ್ತು. ನಾಲ್ಕರಲ್ಲಿ ನಿಲುಗಡೆ, ಐದರಲ್ಲಿ ಮುನಿಸು, ಆರರಲ್ಲಿ ಸ್ವಲ್ಪ ಸಡಿಲ. ಏಳು ಎಂದರೆ ‘ಇದು ಮುಂದುವರಿಯಬೇಕಾ’ ಎಂಬ ತೂಗಾಟ. ಎಂಟರಲ್ಲಿ ಮತ್ತೆ ಚಲನೆ, ಒಂಬತ್ತರಲ್ಲಿ ದಡ ಹತ್ತಿರ, ಹತ್ತಕ್ಕೆ ಆ ಸುತ್ತು ಮುಗಿಯಿತು. ಈ ಎರಡನೆಯ ಓದಿನಲ್ಲಿ ಹತ್ತು ಎಂದರೆ ಹತ್ತಿರ, ಮೊದಲನೆಯದರಲ್ಲಿ ಹತ್ತು ಎಂದರೆ ದೂರ. ಟೆನ್ ಆಫ್ ಕಪ್ಸ್ ಬಂದಾಗ ಒಬ್ಬರು ‘ಇನ್ನೇನು ಆಗಿಯೇ ಹೋಯಿತು’ ಎಂದರೆ ಇನ್ನೊಬ್ಬರು ‘ಹತ್ತು ವಾರ ಕಾಯಬೇಕು’ ಎನ್ನುವುದು ಇದೇ ಕಾರಣಕ್ಕೆ.

ಇವೆರಡರ ಜೊತೆಗೆ ಮೂರನೆಯ ಲೆಕ್ಕವೂ ಒಂದಿದೆ, ತಾರೀಖನ್ನೇ ಕೊಡುವಂಥದ್ದು. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗುಪ್ತಕೂಟ ಇದನ್ನು ಕಟ್ಟಿತು. ವೇಟ್ ಮತ್ತು ಸ್ಮಿತ್ ಇಬ್ಬರೂ ಆ ಕೂಟದ ಸದಸ್ಯರಾಗಿದ್ದವರು. ಅವರು ಹನ್ನೆರಡು ರಾಶಿಗಳನ್ನು ತಲಾ ಹತ್ತು ಡಿಗ್ರಿಯ ಮೂರು ತುಂಡು ಮಾಡಿದರು. ನಮ್ಮ ಜ್ಯೋತಿಷಿಗಳು ದ್ರೇಕ್ಕಾಣ ಎನ್ನುವುದೂ ರಾಶಿಯ ಮೂರನೇ ಒಂದು ಪಾಲನ್ನೇ. ಒಟ್ಟು 36 ತುಂಡು. ಎಕ್ಕಗಳನ್ನು ಬಿಟ್ಟರೆ ಎರಡರಿಂದ ಹತ್ತರವರೆಗಿನ ಕಾರ್ಡ್‌ಗಳೂ ಸರಿಯಾಗಿ 36. ಒಂದೊಂದು ಕಾರ್ಡ್‌ಗೆ ಒಂದೊಂದು ತುಂಡು, ಅಂದರೆ ಸುಮಾರು ಹತ್ತು ದಿನ. ಮೇಷದ ಮೊದಲ ತುಂಡಿಗೆ ಟೂ ಆಫ್ ವಾಂಡ್ಸ್, ಕಟಕದ ಮೊದಲ ತುಂಡಿಗೆ ಟೂ ಆಫ್ ಕಪ್ಸ್, ಹೀಗೆ.

ಇದನ್ನು ಬಳಸುವ ಕನ್ನಡಿಗರು ಒಂದು ಕಡೆ ಎಚ್ಚರವಾಗಿರಬೇಕು. ಆ ರಾಶಿಗಳು ಪಾಶ್ಚಾತ್ಯರ ಸಾಯನ ಲೆಕ್ಕದವು. ಅವರ ಮಕರ ಡಿಸೆಂಬರ್ 22ರ ಆಸುಪಾಸಿನಲ್ಲಿ ಶುರುವಾಗುತ್ತದೆ. ನಮ್ಮ ಮಕರ ಸಂಕ್ರಾಂತಿ ಜನವರಿ 14 ಅಥವಾ 15. ನಡುವೆ ಮೂರು ವಾರಕ್ಕೂ ಹೆಚ್ಚು ಅಂತರ. ‘ಟೂ ಆಫ್ ಪೆಂಟಕಲ್ಸ್ ಬಂತು, ಮಕರದ ಮೊದಲ ಹತ್ತು ದಿನ’ ಎಂದು ಓದಿ, ಸಂಕ್ರಾಂತಿ ಎಳ್ಳು ಬೀರುವ ಹೊತ್ತಿಗೆ ಅವನ ಫೋನ್ ಬರುತ್ತದೆಂದು ಕಾದರೆ, ಆ ಪದ್ಧತಿಯ ಲೆಕ್ಕದಲ್ಲಿ ಅವಧಿ ಹೊಸ ವರ್ಷದ ದಿನಕ್ಕೇ ಮುಗಿದಿರುತ್ತದೆ. ಋತುಗಳದ್ದೂ ಇದೇ ಕತೆ. ವಾಂಡ್ಸ್ ವಸಂತ, ಕಪ್ಸ್ ಬೇಸಿಗೆ, ಸ್ವೋರ್ಡ್ಸ್ ಎಲೆ ಉದುರುವ ಕಾಲ, ಪೆಂಟಕಲ್ಸ್ ಚಳಿಗಾಲ ಎಂಬ ಹಂಚಿಕೆಯಲ್ಲಿ ಬೇಸಿಗೆ ಶುರುವಾಗುವುದು ಜೂನ್ 21ಕ್ಕೆ. ಆಗ ನಮ್ಮಲ್ಲಿ ಕೊಡೆ ಬಿಚ್ಚಿರುತ್ತೇವೆ. ಇನ್ನೂ ತಮಾಷೆಯೆಂದರೆ, ಪ್ರೀತಿಯ ಕಾರ್ಡ್ ಎಂದೇ ಹೆಸರಾದ ಟೂ ಆಫ್ ಕಪ್ಸ್‌ಗೆ ಈ ಪಟ್ಟಿಯಲ್ಲಿ ಸಿಕ್ಕಿರುವ ಅವಧಿ ಜೂನ್ 21ರಿಂದ ಜುಲೈ 1ರ ಸುಮಾರು. ಅನೇಕ ವರ್ಷಗಳಲ್ಲಿ ಆಷಾಢ ಕಾಲಿಡುವ ಹೊತ್ತು ಅದು. ಲಂಡನ್ನಿನವರಿಗೆ ಅದರ ಗೊಡವೆ ಇರಲಿಲ್ಲ.

ಇನ್ನು ಕೋರ್ಟ್ ಕಾರ್ಡ್‌ಗಳು. ಸಮಯದ ಜಾಗದಲ್ಲಿ ಇವರು ಬಂದರೆ ಹೊಸಬರು ತಬ್ಬಿಬ್ಬಾಗುತ್ತಾರೆ. ಎಣಿಸಲು ಅಂಕಿಯೇ ಇಲ್ಲ. ಪೇಜ್‌ಗೆ 11, ನೈಟ್‌ಗೆ 12, ಕ್ವೀನ್‌ಗೆ 13, ಕಿಂಗ್‌ಗೆ 14 ಎಂದು ಅಂಕಿ ಕೊಟ್ಟು ಎಣಿಸುವವರಿದ್ದಾರೆ. ಆಗ ಪೇಜ್ ಆಫ್ ಪೆಂಟಕಲ್ಸ್ ಎಂದರೆ ಹನ್ನೊಂದು ತಿಂಗಳು. ಆದರೆ ಪೇಜ್ ಸುದ್ದಿ ತರುವ ಹುಡುಗ. ಈಗಷ್ಟೇ ಹೊರಟ ಮಾತು ಎಂಬುದು ಅವನ ಅರ್ಥ. ಅವನನ್ನು ಹನ್ನೊಂದು ತಿಂಗಳ ಆಚೆಗೆ ತಳ್ಳುವುದು ಕಾರ್ಡಿನ ಅರ್ಥಕ್ಕೇ ವಿರುದ್ಧ. ಈ ಎಣಿಕೆ ನನಗೆ ಒಪ್ಪಿಗೆಯಿಲ್ಲ.

ಅದಕ್ಕಿಂತ ಚಿತ್ರವನ್ನೇ ಗಮನಿಸಿ ನೋಡುವುದು ಲೇಸು. ಸ್ಮಿತ್ ಬರೆದ ಹದಿನಾರು ಕೋರ್ಟ್ ಕಾರ್ಡ್‌ಗಳನ್ನು ಸಾಲಾಗಿ ಜೋಡಿಸಿ. ನಾಲ್ವರು ಪೇಜ್‌ಗಳು ನಿಂತಿದ್ದಾರೆ. ನಾಲ್ವರು ನೈಟ್‌ಗಳು ಕುದುರೆಯ ಮೇಲಿದ್ದಾರೆ. ಎಂಟು ಮಂದಿ, ಕ್ವೀನ್‌ಗಳೂ ಕಿಂಗ್‌ಗಳೂ, ಸಿಂಹಾಸನದಲ್ಲಿ ಕೂತಿದ್ದಾರೆ. ಅಂದರೆ ಅರ್ಧಕ್ಕರ್ಧ ಜನ ಕೂತವರೇ. ಕೂತವರು ಎಲ್ಲಿಗೂ ಹೋಗುವುದಿಲ್ಲ, ಅವರ ಬಳಿಗೆ ನಾವು ಹೋಗಬೇಕು. ‘ಯಾವಾಗ’ ಎಂಬ ಪ್ರಶ್ನೆಗೆ ಕ್ವೀನ್ ಅಥವಾ ಕಿಂಗ್ ಬಂದರೆ, ಒಬ್ಬ ವ್ಯಕ್ತಿ ತೀರ್ಮಾನ ಮಾಡುವವರೆಗೆ ದಿನಗಳು ಲೆಕ್ಕಕ್ಕಿಲ್ಲ ಎಂದೇ ನುರಿತವರು ಓದುತ್ತಾರೆ. ಕ್ವೀನ್‌ನಲ್ಲಿ ಆ ತೀರ್ಮಾನ ಇನ್ನೂ ಒಳಗೊಳಗೇ ಇರುತ್ತದೆ, ಕಿಂಗ್‌ನಲ್ಲಿ ಅದು ಗಟ್ಟಿಯಾಗಿರುತ್ತದೆ, ಬದಲಾಯಿಸುವುದು ಕಷ್ಟ.

ಚಲನೆ ಇರುವುದು ನೈಟ್‌ಗಳಲ್ಲಿ ಮಾತ್ರ. ಅವರ ನಾಲ್ಕು ಕುದುರೆಗಳು ನಾಲ್ಕು ನಡಿಗೆಯವು. ಸ್ವೋರ್ಡ್ಸ್‌ನ ಕುದುರೆ ನಾಗಾಲೋಟದಲ್ಲಿದೆ, ಹಿಂದಿನ ಮರಗಳೂ ಗಾಳಿಗೆ ಬಾಗಿವೆ. ವಾಂಡ್ಸ್‌ನದು ಮುಂಗಾಲೆತ್ತಿ ಹೊರಡುವ ಉಮೇದಿನಲ್ಲಿದೆ. ಕಪ್ಸ್‌ನ ಬಿಳಿ ಕುದುರೆ ತಲೆ ತಗ್ಗಿಸಿ ಹೆಜ್ಜೆ ಹಾಕುತ್ತಿದೆ, ಮುಂದೊಂದು ಹೊಳೆ ದಾಟಬೇಕು. ಪೆಂಟಕಲ್ಸ್‌ನ ಕಪ್ಪು ಕುದುರೆ ಉತ್ತ ಹೊಲದ ಬಳಿ ನಾಲ್ಕೂ ಕಾಲೂರಿ ನಿಂತೇ ಇದೆ. ಪ್ರೀತಿಯ ಓದಿನಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸ್ವೋರ್ಡ್ಸ್‌ನವನು ಇವತ್ತೇ ಮಾತಾಡಿಬಿಡುತ್ತಾನೆ. ಯೋಚಿಸಿ ಆಡಿದ ಮಾತೋ ಎಂಬುದು ಬೇರೆ ವಿಷಯ. ಪೆಂಟಕಲ್ಸ್‌ನವನು ಮಾತು ತಪ್ಪುವವನಲ್ಲ, ಆದರೆ ಎರಡು ಬೋನಸ್ ಕೈಗೆ ಬರುವವರೆಗೆ ಬಾಯಿ ಬಿಡುವವನೂ ಅಲ್ಲ.

ಗೋಲ್ಡನ್ ಡಾನ್ ಕೂಟದವರೂ ಕೋರ್ಟ್ ಕಾರ್ಡ್‌ಗಳಿಗೆ ತಾರೀಖು ಹಂಚಿದ್ದರು. ನಾಲ್ಕು ದರ್ಜೆಗಳಲ್ಲಿ ಮೂರಕ್ಕೆ ತಲಾ ಮೂವತ್ತು ಡಿಗ್ರಿಯಂತೆ ವರ್ಷ ಪೂರ್ತಿ ಖರ್ಚಾಗಿಹೋಯಿತು. ಕೊನೆಯ ದರ್ಜೆಗೆ, ಅಂದರೆ ಈಗಿನ ಪೇಜ್‌ಗೆ, ಅಂಥ ತಿಂಗಳು ಸಿಗಲಿಲ್ಲ. ಅವರಿಗೆ ಆಕಾಶದ ನಾಲ್ಕು ಭಾಗಗಳನ್ನು ಕೊಟ್ಟು ಕೈತೊಳೆದುಕೊಂಡರು. ಪೇಜ್ ಬಂದಾಗ ತಾರೀಖು ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇಷ್ಟು ಲೆಕ್ಕಗಳು ಒಟ್ಟಿಗೆ ಕೈಯಲ್ಲಿದ್ದರೆ ಆಗುವ ಅನಾಹುತವನ್ನು ಒಂದೇ ಕಾರ್ಡಿನಲ್ಲಿ ತೋರಿಸಬಹುದು. ಮಾರ್ಚ್ 1ರಂದು ಥ್ರೀ ಆಫ್ ಕಪ್ಸ್ ಬಂತು ಎನ್ನಿ. ವಾರದ ಲೆಕ್ಕ ಹಿಡಿದರೆ ಮಾರ್ಚ್ 22. ತಿಂಗಳ ಲೆಕ್ಕ ಹಿಡಿದರೆ ಜೂನ್ 1. ಹತ್ತು ದಿನದ ಪಟ್ಟಿಯಲ್ಲಿ ಜುಲೈ ಮೊದಲ ಭಾಗ. ಋತುವಿನ ಲೆಕ್ಕದಲ್ಲಿ ಜೂನ್ 21ರಿಂದ ಸೆಪ್ಟೆಂಬರ್ 22ರವರೆಗೆ ಯಾವಾಗ ಬೇಕಾದರೂ. ಕಪ್ಸ್ ನೀರು, ಹಾಗಾಗಿ ಕಟಕ, ವೃಶ್ಚಿಕ, ಮೀನ ಈ ಮೂರು ಜಲರಾಶಿಗಳ ತಿಂಗಳೂ ಸೇರಲಿ ಎಂದರೆ ಅಕ್ಟೋಬರ್-ನವೆಂಬರಿನ ಒಂದು ತಿಂಗಳು, ಫೆಬ್ರುವರಿ-ಮಾರ್ಚಿನ ಇನ್ನೊಂದು ತಿಂಗಳು ಕೂಡಿಕೊಂಡವು. ಎಲ್ಲ ಸೇರಿಸಿದರೆ ವರ್ಷದಲ್ಲಿ ಐದು ತಿಂಗಳು ಈ ಒಂದೇ ಕಾರ್ಡಿನ ಪಾಲಾಯಿತು. ಆ ಐದು ತಿಂಗಳಲ್ಲಿ ಏನಾದರೂ ಒಂದು ಆಗದೇ ಇದ್ದೀತೇ? ಆದಮೇಲೆ ‘ನೋಡಿ, ಕಾರ್ಡ್ ಅಂದೇ ಹೇಳಿತ್ತು’ ಎನ್ನುವುದು ಬಲು ಸುಲಭ. ಟ್ಯಾರೋ ಕಾರ್ಡ್‌ಗಳು ಮುಂದಿನ ತಾರೀಖನ್ನು ಬಲ್ಲವು ಎನ್ನುವುದಕ್ಕೆ ಪರೀಕ್ಷೆಗೆ ನಿಂತ ಪುರಾವೆಯಿಲ್ಲ. ತಾರೀಖು ನಿಜವಾದಂತೆ ಕಾಣುವ ಬಹುಪಾಲು ಪ್ರಸಂಗಗಳ ಹಿಂದೆ ಇರುವುದು ಈ ಸಡಿಲ ಲೆಕ್ಕವೇ.

ಅದಕ್ಕೇ ಕೆಲಸ ಗೊತ್ತಿರುವವರು ಕಾರ್ಡ್ ಕಲೆಸುವ ಮೊದಲೇ ಯಾವ ಅಳತೆ ಎಂದು ಬರೆದಿಡುತ್ತಾರೆ. ಕಾರ್ಡ್ ಮುಖ ತೋರಿಸಿದ ಮೇಲೆ ಅಳತೆ ಆರಿಸಿದರೆ ಅದನ್ನು ಓದು ಎನ್ನಲಾಗದು.

ಹೇಗೆಂದು ತಿಳಿಯಲು ಒಂದು ಓದನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ಇಪ್ಪತ್ತೊಂಬತ್ತರ ಯುವತಿ. ಹುಡುಗ ಪುಣೆಯಲ್ಲಿದ್ದಾನೆ. ನಾಲ್ಕು ವರ್ಷದ ಪರಿಚಯ. ಕಾರ್ಡ್ ಓದುವವರು ಅವಳ ತಾಯಿಯ ವಯಸ್ಸಿನವರು.

“ಮೇಡಂ, ನಮ್ಮ ಮದುವೆ ಯಾವಾಗ ಆಗುತ್ತೆ?”

“ಅಷ್ಟು ದೂರಕ್ಕೆ ಹೋಗೋದು ಬೇಡಮ್ಮ. ಮದುವೆ ಆಗಬೇಕು ಅಂದ್ರೆ ಅದಕ್ಕೆ ಮುಂಚೆ ಏನಾಗಬೇಕು?”

“ಅವನು ಮನೇಲಿ ನನ್ನ ವಿಷಯ ಹೇಳಬೇಕು.”

“ಹಾಗಾದ್ರೆ ಅದನ್ನೇ ಕೇಳೋಣ.”

ಪ್ರಶ್ನೆಯನ್ನು ಹೀಗೆ ಚಿಕ್ಕದು ಮಾಡುವುದರಲ್ಲೇ ಅರ್ಧ ಕೆಲಸವಿದೆ. ‘ಸಂಬಂಧ ಸುಧಾರಿಸುವುದು ಯಾವಾಗ’ ಎಂಬ ಪ್ರಶ್ನೆಗೆ ಬರುವ ಯಾವ ಉತ್ತರವನ್ನೂ ಪರೀಕ್ಷಿಸಲಾಗದು. ‘ಮನೆಯಲ್ಲಿ ಹೇಳಿದನೋ ಇಲ್ಲವೋ’ ಎಂಬುದಕ್ಕೆ ಹೌದು, ಇಲ್ಲ ಎಂಬ ಉತ್ತರವಿದೆ. ಕಾಗದದ ಮೇಲೆ ಮೂರು ಸಾಲು ಬಿತ್ತು: ತಾರೀಖು ಮಾರ್ಚ್ 1, ಪ್ರಶ್ನೆ, ಅವನು ಮನೆಯಲ್ಲಿ ಹೇಳುವುದು ಯಾವಾಗ, ಅಳತೆ, ವಾಂಡ್ಸ್ ದಿನ, ಸ್ವೋರ್ಡ್ಸ್ ಮತ್ತು ಕಪ್ಸ್ ವಾರ, ಪೆಂಟಕಲ್ಸ್ ತಿಂಗಳು.

ಐದು ಕಾರ್ಡ್ ಬಿದ್ದವು. ಅವಳ ಜಾಗದಲ್ಲಿ ಏಟ್ ಆಫ್ ವಾಂಡ್ಸ್: ಬಯಲಿನ ಮೇಲೆ ಹಾರುತ್ತಿರುವ ಎಂಟು ಕೋಲುಗಳು. ಇಡೀ ಕಟ್ಟಿನಲ್ಲಿ ಆತುರಕ್ಕೆ ಹೆಸರಾದ ಕಾರ್ಡ್ ಅದು. ಅವನ ಜಾಗದಲ್ಲಿ ನೈಟ್ ಆಫ್ ಪೆಂಟಕಲ್ಸ್, ಆ ನಿಂತ ಕುದುರೆಯವನು. ಇಬ್ಬರ ನಡುವೆ ಟೂ ಆಫ್ ಕಪ್ಸ್. ಅಡ್ಡಿಯ ಜಾಗದಲ್ಲಿ ಕ್ವೀನ್ ಆಫ್ ಸ್ವೋರ್ಡ್ಸ್, ನೆಟ್ಟಗೆ ಖಡ್ಗ ಹಿಡಿದು ಎಡಗೈ ಮುಂಚಾಚಿ ಕೂತವಳು. ಸಮಯದ ಜಾಗದಲ್ಲಿ ಸೆವೆನ್ ಆಫ್ ಪೆಂಟಕಲ್ಸ್.

ಈ ಕೊನೆಯ ಚಿತ್ರವನ್ನು ಸರಿಯಾಗಿ ನೋಡಬೇಕು. ರೈತನೊಬ್ಬ ಗುದ್ದಲಿಯ ಹಿಡಿಯ ಮೇಲೆ ಗದ್ದ ಊರಿ ತಾನು ಬೆಳೆಸಿದ ಗಿಡವನ್ನು ನೋಡುತ್ತಿದ್ದಾನೆ. ಆರು ನಾಣ್ಯಗಳು ಗಿಡದಲ್ಲಿವೆ, ಏಳನೆಯದು ಅವನ ಕಾಲ ಬಳಿ. ಬೆಳೆ ಬಂದಿಲ್ಲವೆಂದಲ್ಲ. ಕೀಳಬೇಕೋ ಇನ್ನೂ ಬಿಡಬೇಕೋ ಎಂದು ಅವನಿಗೆ ತೀರ್ಮಾನವಾಗಿಲ್ಲ.

ಕಾಗದದಲ್ಲಿ ಬರೆದ ಅಳತೆಯಂತೆ ಏಳು ತಿಂಗಳು, ಅಂದರೆ ಅಕ್ಟೋಬರ್ 1. ಹುಡುಗಿಯೂ ಸ್ವಲ್ಪ ಓದಿಕೊಂಡವಳೇ. ಗೋಲ್ಡನ್ ಡಾನ್ ಪಟ್ಟಿಯಲ್ಲಿ ಸೆವೆನ್ ಆಫ್ ಪೆಂಟಕಲ್ಸ್ ಎಂದರೆ ವೃಷಭದ ಕೊನೆಯ ತುಂಡು, ಮೇ 11ರಿಂದ 20ರ ಸುಮಾರು ಎಂದು ಅವಳಿಗೆ ಗೊತ್ತು.

“ಮೇಡಂ, ಮೇ ತಿಂಗಳು ಅಂತ ಇಟ್ಕೋಬಹುದಲ್ವಾ?”

“ಕಾಗದದಲ್ಲಿ ಏನು ಬರ್ದಿದ್ದೀವಿ ನೋಡಮ್ಮ.”

“ಏಳು ತಿಂಗಳು ತುಂಬಾ ಆಯ್ತು ಮೇಡಂ.”

“ತುಂಬಾ ಆಯ್ತು ಅನ್ನೋದು ನಿನ್ನ ಕಾರ್ಡಲ್ಲೇ ಇದೆ. ಎಂಟು ಕೋಲು ಒಟ್ಟಿಗೆ ಬಿಟ್ಟಿದ್ದೀಯ. ಅವರ ಮನೇಲಿ ಮಾತು ಕೊನೆಗೆ ಯಾರ ಹತ್ರ ನಿಲ್ಲುತ್ತೆ?”

“ಅವನ ಅಕ್ಕನ ಹತ್ರ. ಅವರಪ್ಪ ಹೋದ್ಮೇಲೆ ಎಲ್ಲಾ ಅವರೇ ನೋಡ್ಕೊಂಡಿದ್ದು.”

ಓದುವವರು ಅಕ್ಕನನ್ನು ಕಾರ್ಡಿನಲ್ಲಿ ಕಂಡೆನೆಂದು ಹೇಳಲಿಲ್ಲ, ಯಾರೆಂದು ಕೇಳಿದರು. ಇದು ಸರಿಯಾದ ಕ್ರಮ. ಕ್ವೀನ್ ಆಫ್ ಸ್ವೋರ್ಡ್ಸ್ ಬಂದ ಕೂಡಲೇ ‘ಅವನ ಬದುಕಿನಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ’ ಎಂದು ಘೋಷಿಸುವವರಿದ್ದಾರೆ. ಅಂಥವರಿಂದ ಎಷ್ಟು ಮನೆಗಳಲ್ಲಿ ವೃಥಾ ಜಗಳವಾಗಿದೆಯೋ.

ಈಗ ಐದೂ ಕಾರ್ಡ್ ಒಟ್ಟಿಗೆ ಏನು ಹೇಳಿದವು? ಅವನ ಕಾರ್ಡ್, ಸಮಯದ ಕಾರ್ಡ್ ಎರಡೂ ಪೆಂಟಕಲ್ಸ್. ಅವಳೊಬ್ಬಳದ್ದೇ ವಾಂಡ್ಸ್. ಅವಳ ಗಡಿಯಾರದಲ್ಲಿ ದಿನ ಓಡುತ್ತಿದೆ, ಅವನದ್ದರಲ್ಲಿ ತಿಂಗಳು. ಟೂ ಆಫ್ ಕಪ್ಸ್ ನಡುವೆ ಇರುವುದರಿಂದ ಪ್ರೀತಿಯ ಬಗ್ಗೆ ಅನುಮಾನ ಬೇಡ. ಏಳು ಎಂಬ ಅಂಕಿಯನ್ನು ಹಂತವಾಗಿ ನೋಡಿದರೂ ತೂಗಾಟವೇ. ಎಂಟರ ಚಲನೆ ಇನ್ನೂ ಬಂದಿಲ್ಲ. ಕೂತಿರುವ ಕ್ವೀನ್ ಎದ್ದು ಬರುವವಳಲ್ಲ, ನಿಂತಿರುವ ಕುದುರೆಯವನೇ ಅವಳ ಬಳಿಗೆ ಹೋಗಬೇಕು. ಹಾಗಾಗಿ ಅಕ್ಟೋಬರ್ 1ನ್ನು ‘ಅಂದು ಹೇಳುತ್ತಾನೆ’ ಎಂಬ ದಿನವೆಂದು ತಿಳಿಯಬಾರದು, ‘ಅಷ್ಟರೊಳಗೆ ಹೇಳಿರಬೇಕು’ ಎಂಬ ಗಡುವೆಂದು ಇಟ್ಟುಕೊಳ್ಳಬೇಕು. ನಡುವೆ ಅವಳು ಕೇಳಬಹುದಾದ ಪ್ರಶ್ನೆಯೂ ಬದಲಾಯಿತು. ‘ಯಾವಾಗ ಹೇಳ್ತೀಯಾ’ ಎಂದು ದಿನಾ ಪೀಡಿಸುವ ಬದಲು ‘ಅಕ್ಕನ ಹತ್ರ ಮಾತಾಡೋಕೆ ನಿನಗೆ ಯಾವುದು ಅಡ್ಡ’ ಎಂದು ಒಂದು ಸಲ ಕೇಳಬಹುದು. ಇದಕ್ಕೆ ಕಾರ್ಡೇ ಬೇಕಿತ್ತೇ ಎಂದು ನೀವು ಕೇಳಿದರೆ, ಬೇಕಿರಲಿಲ್ಲ. ಆದರೆ ಆ ಮೇಜಿನ ಮುಂದೆ ಕೂರುವವರೆಗೆ ಅವಳಿಗೆ ಅಕ್ಕನ ನೆನಪಾಗಿರಲಿಲ್ಲ.

ಇಲ್ಲಿ ಸಮಯದ ಜಾಗದಲ್ಲಿ ಅಂಕಿಯ ಕಾರ್ಡ್ ಬಂದದ್ದು ಅನುಕೂಲವಾಯಿತು. ಯಾವಾಗಲೂ ಹಾಗಾಗುವುದಿಲ್ಲ. 78ರಲ್ಲಿ ಅಂಕಿಯ ಕಾರ್ಡ್‌ಗಳು 40, ಅರ್ಧಕ್ಕಿಂತ ಒಂದೇ ಒಂದು ಹೆಚ್ಚು. ಹದಿನಾರು ಕೋರ್ಟ್, ಇಪ್ಪತ್ತೆರಡು ಮೇಜರ್. ಅಂದರೆ ಸರಿಸುಮಾರು ಎರಡು ಓದಿಗೊಂದರಲ್ಲಿ ಎಣಿಸಲು ಏನೂ ಸಿಗುವುದಿಲ್ಲ. ಮೇಜರ್ ಬಂದರೆ ಅದರ ಕ್ರಮಸಂಖ್ಯೆಯನ್ನು ಎಣಿಸುವವರೂ ಉಂಟು. ಅದು ನಿಲ್ಲುವ ಲೆಕ್ಕವಲ್ಲ. ಸ್ಟ್ರೆಂತ್ ಕಾರ್ಡ್ ವೇಟ್ ಅವರ ಕಟ್ಟಿನಲ್ಲಿ 8, ಹಳೆಯ ಮಾರ್ಸೆ ಕಟ್ಟಿನಲ್ಲಿ 11. ಕಟ್ಟು ಬದಲಾದರೆ ಮದುವೆ ಮೂರು ತಿಂಗಳು ಮುಂದಕ್ಕೆ ಹೋಗುತ್ತದೆಯೇ? ಹ್ಯಾಂಗ್ಡ್ ಮ್ಯಾನ್ ಬಂದರೆ ತಲೆಕೆಳಗಾಗಿ ತೂಗುತ್ತಿರುವವನ ಚಿತ್ರವೇ ಸಾಕು: ಸದ್ಯಕ್ಕೆ ಏನೂ ಅಲುಗಾಡದು. ಇಂಥ ಹೊತ್ತಿನಲ್ಲಿ ‘ಕಾಲ ಹೇಳಲು ಬರುವುದಿಲ್ಲ’ ಎಂದು ಒಪ್ಪಿಕೊಳ್ಳುವ ನಿಯಮವನ್ನೂ ಮೊದಲೇ ಕಾಗದದಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಅಂಕಿ ಸಿಗುವವರೆಗೆ ಮತ್ತೆ ಮತ್ತೆ ಕಾರ್ಡ್ ಎಳೆಯುವ ಚಪಲ ಶುರುವಾಗುತ್ತದೆ. ಮೂರನೇ ಸಲ ಎಳೆದ ಕಾರ್ಡ್ ಮನಸ್ಸಿಗೆ ಹಿಡಿಸಿದ್ದೇ ಆಗಿರುತ್ತದೆ, ಏಕೆಂದರೆ ಹಿಡಿಸಿದ ಕೂಡಲೇ ಎಳೆಯುವುದನ್ನು ನಿಲ್ಲಿಸಿರುತ್ತೇವೆ.

ದುಡ್ಡು ಕೊಟ್ಟು ಓದಿಸುವವರು ಗಮನಿಸಬೇಕಾದ ಗುರುತು ಒಂದಿದೆ. ಹೇಳಿದ ತಾರೀಖು ದಾಟಿದ ಮೇಲೆ ವಾಪಸ್ ಹೋದಾಗ ಓದುವವರು ಏನನ್ನುತ್ತಾರೆ ಎಂದು ನೋಡಿ. ‘ನನ್ನ ಲೆಕ್ಕ ತಪ್ಪಿತು’ ಎಂದರೆ ಅವರ ಬಳಿ ಮತ್ತೆ ಕೂರಬಹುದು. ‘ವಾರ ಅಂದಿದ್ದು ತಿಂಗಳಾಗಿದೆ’ ಎಂದರೆ ಅಳತೆಪಟ್ಟಿ ರಬ್ಬರಿನದ್ದು ಎಂದಾಯಿತು. ‘ಯಾವುದೋ ಶಕ್ತಿ ತಡೀತಿದೆ, ಅದಕ್ಕೊಂದು ಪರಿಹಾರ ಮಾಡಿಸಬೇಕು, ಇಷ್ಟು ಖರ್ಚಾಗುತ್ತೆ’ ಎಂದರೆ ಚಪ್ಪಲಿ ಹಾಕಿಕೊಂಡು ಹೊರಡಿ. ಕಾರ್ಡ್ ತಲೆಕೆಳಗಾಗಿ ಬಂದರೆ ತಡ ಎಂದು ಓದುವ ರೂಢಿಯೂ ಇದೆ. ಅದು ಮೊದಲ ದಿನವೇ ಹೇಳಬೇಕಾದ ಮಾತು. ಗಡುವು ದಾಟಿದ ಮೇಲೆ ನೆನಪಾದರೆ ನೆಪ.

ಮನೆಯಲ್ಲೇ ಕಾರ್ಡ್ ಹಾಕಿಕೊಳ್ಳುವವರಿಗೆ ಒಂದು ನೋಟ್‌ಬುಕ್ ಸಾಕು. ಎಳೆದ ದಿನ, ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಳತೆ, ಬಂದ ಕಾರ್ಡ್, ಗಡುವು. ಗಡುವು ಮುಗಿದ ದಿನ ಪಕ್ಕದಲ್ಲಿ ಆಯಿತು ಅಥವಾ ಆಗಲಿಲ್ಲ ಎಂಬ ಒಂದೇ ಪದ. ‘ಒಂಥರಾ ಆಯಿತು’ ಎಂದು ಬರೆಯುವಂತಿಲ್ಲ. ಗಡುವು ಬರುವವರೆಗೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುವಂತಿಲ್ಲ. ನಮ್ಮ ಹುಡುಗಿಯ ಪುಟದಲ್ಲಿ ಅಕ್ಟೋಬರ್ 1ರ ಪಕ್ಕ ‘ಆಗಲಿಲ್ಲ’ ಎಂದು ಬರೆಯಬೇಕಾಗಿ ಬಂದರೆ, ಅಂದು ಅವಳು ಮಾತಾಡಬೇಕಾದದ್ದು ಪುಣೆಯವನ ಜೊತೆ, ಕಾರ್ಡ್‌ಗಳ ಜೊತೆಯಲ್ಲ.